ಲೇಯರ್ ಮರೆಮಾಡುವುದು ಬೇರೆ, ಅಳಿಸುವುದು ಬೇರೆ: ಓಪನ್ ಫೈಲ್ ಕೊಡುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಸಣ್ಣದೊಂದು ಡಿಟಿಪಿ ಅಂಗಡಿ ನಡೆಸುವ ನಾನು ಲಗ್ನಪತ್ರಿಕೆ, ಫ್ಲೆಕ್ಸ್, ಬಿಲ್ ಪುಸ್ತಕಗಳ ಕೆಲಸ ಮಾಡುತ್ತೇನೆ. ನಮ್ಮಲ್ಲಿ ತಯಾರಾದ ಫೈಲ್‌ಗಳು ಚಿತ್ರದುರ್ಗ, ಹರಿಹರ, ಜಗಳೂರಿನ ಮುದ್ರಣಾಲಯಗಳಿಗೂ ಗಿರಾಕಿಗಳ ಮನೆಯ ಹುಡುಗರ ಕೈಗೂ ಹೋಗುತ್ತವೆ. ಒಮ್ಮೆ ಒಂದು ಫೈಲ್ ಹೋಗಬಾರದ ರೀತಿಯಲ್ಲಿ ಹೋದದ್ದರಿಂದ, ನಮ್ಮಲ್ಲಿ ಕೆಲಸ ಕಲಿಯಲು ಬರುವವರು ಕೇಳುವ ಪ್ರಶ್ನೆಗಳನ್ನು ಉತ್ತರಗಳೊಂದಿಗೆ ಬರೆದಿಡಬೇಕೆನಿಸಿತು. ಇಲ್ಲಿನ ವಿಷಯ ಮುಖ್ಯವಾಗಿ ಫೋಟೋಶಾಪ್‌ನ PSD ಫೈಲ್‌ಗೆ, ಎಂದರೆ ಒಂದರ ಮೇಲೊಂದು ಕೂತ ಲೇಯರ್‌ಗಳೊಂದಿಗೆ ತಿದ್ದಲು ಬರುವಂತೆ ಉಳಿಸಿದ ಓಪನ್ ಫೈಲ್‌ಗೆ ಸಂಬಂಧಿಸಿದ್ದು. ಕೋರೆಲ್ ಡ್ರಾ ಬಳಸುವವರಿಗಾಗಿ ಕೊನೆಯ ಕಡೆ ಒಂದು ಉತ್ತರವಿದೆ.

ಲೇಯರ್‌ನ ಕಣ್ಣಿನ ಗುರುತನ್ನು ತೆಗೆದರೆ ಆ ಮ್ಯಾಟರ್ ಫೈಲ್‌ನಿಂದ ಹೋಗುತ್ತದೆಯೇ?

ಹೋಗುವುದಿಲ್ಲ. ಲೇಯರ್ ಪಟ್ಟಿಯಲ್ಲಿ ಕಣ್ಣಿನ ಚಿತ್ರವನ್ನು ಒತ್ತಿದಾಗ ಬದಲಾಗುವುದು ಒಂದೇ ಒಂದು ಸಂಗತಿ: ಆ ಲೇಯರನ್ನು ಪರದೆಯ ಮೇಲೆ ತೋರಿಸಬೇಕೋ ಬೇಡವೋ ಎಂಬ ಸೂಚನೆ. ಅಕ್ಷರಗಳು, ಫಾಂಟ್‌ನ ಹೆಸರು, ಅಳತೆ, ಬಣ್ಣ, ಎಲ್ಲಿ ಕೂರಬೇಕೆಂಬ ವಿವರ ಎಲ್ಲವೂ ಮೊದಲಿದ್ದಂತೆಯೇ ಫೈಲ್‌ನಲ್ಲಿ ಉಳಿಯುತ್ತವೆ. ಅದರಲ್ಲೂ ಟೆಕ್ಸ್ಟ್ ಲೇಯರ್ ಚಿತ್ರವಾಗಿ ಅಲ್ಲ, ತಿದ್ದಬಹುದಾದ ಪಠ್ಯವಾಗಿಯೇ ಇರುತ್ತದೆ. ಫೈಲ್ ಪಡೆದವರು ಅದೇ ಜಾಗವನ್ನು ಮತ್ತೊಮ್ಮೆ ಒತ್ತಿದರೆ ಸಾಕು, ಕಣ್ಣು ತೆರೆಯುತ್ತದೆ, ಮ್ಯಾಟರ್ ಎದ್ದು ಬರುತ್ತದೆ. ಅದಕ್ಕೆ ಗುಪ್ತಪದವೂ ಬೇಡ, ವಿಶೇಷ ತಂತ್ರಾಂಶವೂ ಬೇಡ.

ಅಳಿಸುವುದು ಹಾಗಲ್ಲ. ಲೇಯರನ್ನು ಅಳಿಸಿ ಫೈಲನ್ನು ಉಳಿಸಿದಾಗ ಫೋಟೋಶಾಪ್ ಇಡೀ ಫೈಲನ್ನು ಹೊಸದಾಗಿ ಬರೆಯುತ್ತದೆ, ಆ ಲೇಯರ್ ಅದರಲ್ಲಿ ಸೇರುವುದಿಲ್ಲ. ನೀವು ಮಾಡಿದ ಕೆಲಸದ ಹಂತಗಳನ್ನು ತೋರಿಸುವ History ಪಟ್ಟಿಯೂ ಫೈಲ್ ಮುಚ್ಚಿದ ಕೂಡಲೇ ಇಲ್ಲವಾಗುವುದರಿಂದ, ಪಡೆದವರು ಹಿಂದಕ್ಕೆ ಹೋಗಿ ಅಳಿಸಿದ್ದನ್ನು ಮರಳಿ ತರಲಾರರು. ಆದರೆ ಒಂದು ಲೇಯರನ್ನು ಅಳಿಸಿದ ಮಾತ್ರಕ್ಕೆ ಅದೇ ಮ್ಯಾಟರ್ ಫೈಲ್‌ನ ಬೇರೆಡೆ ಇಲ್ಲವೆಂದು ಹೇಳಲಾಗದು. ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಅದೇ ಕಾರಣದಿಂದ ಹುಟ್ಟಿದವು.

ನಿಮ್ಮ ಅಂಗಡಿಯಲ್ಲಿ ಆದದ್ದಾದರೂ ಏನು?

ಒಂದು ಮದುವೆಯ ಪತ್ರಿಕೆ. ಐದು ಇಂಚು ಅಗಲ, ಏಳು ಇಂಚು ಎತ್ತರ, 300 ಡಿಪಿಐ. ಹಿಂದಿನ ವರ್ಷದ ಇನ್ನೊಬ್ಬ ಗಿರಾಕಿಯ ಪತ್ರಿಕೆಯನ್ನೇ ತೆರೆದು, ಹೆಸರುಗಳನ್ನು ಬದಲಾಯಿಸಿ ಮಾಡಿದ ಕೆಲಸ ಅದು. ಡಿಟಿಪಿ ಮಾಡುವವರೆಲ್ಲ ಹೀಗೆಯೇ ಮಾಡುತ್ತೇವೆ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಪ್ರೂಫ್ ನೋಡಲು ಬಂದ ಯಜಮಾನರು ಸುಖಾಗಮನ ಬಯಸುವವರ ಪಟ್ಟಿಯಲ್ಲಿದ್ದ ಒಂದು ಸಾಲನ್ನು ತೋರಿಸಿ, ಅಣ್ಣನ ಹೆಸರು ಸದ್ಯಕ್ಕೆ ಬೇಡ ಎಂದರು. ಆಸ್ತಿಯ ವಿಚಾರದಲ್ಲಿ ಮಾತು ಬಿಟ್ಟಿದ್ದರಂತೆ. ಮುದ್ರಣಕ್ಕೆ ಹೋಗುವಷ್ಟರಲ್ಲಿ ರಾಜಿಯಾದರೆ ಮತ್ತೆ ಸೇರಿಸಬೇಕಾದೀತು ಎಂದುಕೊಂಡು ನಾನು ಆ ಸಾಲನ್ನು ಅಳಿಸದೆ ಅದರ ಕಣ್ಣು ಮುಚ್ಚಿದೆ. ಆ ಕ್ಷಣಕ್ಕೆ ಅದು ಸರಿಯಾದ ಕೆಲಸವೇ ಆಗಿತ್ತು.

ಪತ್ರಿಕೆ ಅಚ್ಚಾಯಿತು, ಹಂಚಿಯೂ ಆಯಿತು. ಆಮೇಲೆ ಮನೆಯ ಹುಡುಗನೊಬ್ಬ ವಾಟ್ಸ್ಆ್ಯಪ್‌ಗೆ ಹಾಕಲು ವಿಡಿಯೊ ಮಾಡುತ್ತೇನೆ, ಓಪನ್ ಫೈಲ್ ಕೊಡಿ ಎಂದು ಪೆನ್ ಡ್ರೈವ್ ತಂದ. ಕೊಟ್ಟೆ. ಎರಡು ದಿನ ಬಿಟ್ಟು ಫೋನು: "ಏನ್ರೀ, ನಮ್ಮ ದೊಡ್ಡಪ್ಪನ ಹೆಸರು ಒಳಗೇ ಐತಲ್ಲ, ತೆಗೆಸಿದ್ದು ಯಾರು?" ಹುಡುಗ ಆ ಅಣ್ಣನ ಮನೆಗೂ ಬೇಕಾದವನು. ಹೆಸರು ಮೊದಲು ಇತ್ತು, ಆಮೇಲೆ ತೆಗೆಸಲಾಯಿತು ಎಂಬುದು ಆ ಒಂದು ಕಣ್ಣಿನ ಗುರುತಿನಿಂದ ಇಡೀ ಬಳಗಕ್ಕೆ ಗೊತ್ತಾಯಿತು. ಹೆಸರು ಹಾಕದೇ ಇದ್ದುದಕ್ಕಿಂತ, ಹಾಕಿ ತೆಗೆದದ್ದು ಹೆಚ್ಚು ನೋಯಿಸಿತು ಎಂದು ಆಮೇಲೆ ಯಜಮಾನರೇ ಹೇಳಿದರು.

ಫೋನಿಟ್ಟ ಮೇಲೆ ಆ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಬಿಚ್ಚಿ ನೋಡಿದಾಗ, ಹುಡುಗನ ಕಣ್ಣಿಗೆ ಬಿದ್ದದ್ದು ಅದರಲ್ಲಿದ್ದುದರ ಒಂದು ಪಾಲು ಮಾತ್ರ ಎಂದು ತಿಳಿಯಿತು.

ಆ ಫೈಲ್‌ನಲ್ಲಿ ಇನ್ನೇನು ಉಳಿದಿತ್ತು, ಹೇಗೆ ಕಂಡುಹಿಡಿದಿರಿ?

ಒಟ್ಟು 31 ಲೇಯರ್‌ಗಳಿದ್ದವು. ಲೇಯರ್ ಪಟ್ಟಿಯ ಮೇಲ್ಭಾಗದಲ್ಲಿ ಬಗೆಯ ಪ್ರಕಾರ ಸೋಸುವ ಗುಂಡಿಗಳಿವೆ. ಅವುಗಳಲ್ಲಿ T ಅಕ್ಷರದ ಗುಂಡಿಯನ್ನು ಒತ್ತಿದರೆ ಟೆಕ್ಸ್ಟ್ ಲೇಯರ್‌ಗಳು ಮಾತ್ರ ಉಳಿಯುತ್ತವೆ. ಒತ್ತಿದಾಗ 14 ಬಂದವು. ಅಚ್ಚಾದ ಪತ್ರಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಅದರ ಮೇಲಿರುವ ಬಿಡಿ ಪಠ್ಯಗಳನ್ನು ಎಣಿಸಿದರೆ ಎಂಟೇ. ಹಾಗಾದರೆ ಆರು ಹೆಚ್ಚಿವೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಮೊದಲ ಪರೀಕ್ಷೆ ಇಲ್ಲ: ಕಾಣುವುದೆಷ್ಟು, ಇರುವುದೆಷ್ಟು ಎಂದು ಎಣಿಸುವುದು.

ಪ್ರತಿ ಫೈಲ್‌ನ ಮೂಲಪ್ರತಿ ಬೇರೆ ಇರಲಿ ಎಂದು ಮೊದಲು ಇನ್ನೊಂದು ಹೆಸರಿನಲ್ಲಿ ಉಳಿಸಿಕೊಂಡೆ. ನಂತರ ಹೊಸ ಪ್ರತಿಯಲ್ಲಿ `Layer > Delete > Hidden Layers` ಕೊಟ್ಟೆ. ಕಣ್ಣು ಮುಚ್ಚಿದ್ದ ಏಳು ಲೇಯರ್‌ಗಳು ಹೋದವು, ಅವುಗಳಲ್ಲಿ ಐದು ಪಠ್ಯ, ಎರಡು ಚಿತ್ರ. ಈಗ ಉಳಿದ ಪಠ್ಯ ಒಂಬತ್ತು. ಕಾಣುವುದು ಮಾತ್ರ ಎಂಟು.

ಒಂಬತ್ತನೆಯದು ಕಣ್ಣು ತೆರೆದೇ ಇತ್ತು. ಅದರ Opacity ಮಾತ್ರ 0%. ಹಿಂದಿನ ಗಿರಾಕಿಯ ಮುಹೂರ್ತದ ಸಮಯ ಅದು. ಯಾವಾಗಲೋ ಹೊಸ ಸಾಲಿಗೆ ಜಾಗ ಹೊಂದಿಸಲು ಅದನ್ನು ಸೊನ್ನೆಗೆ ಇಳಿಸಿ ಮರೆತಿದ್ದೆ. ಫೋಟೋಶಾಪ್‌ನ ಲೆಕ್ಕದಲ್ಲಿ ಅದು ಮರೆಯಾದ ಲೇಯರ್ ಅಲ್ಲ, ಪೂರ್ತಿ ಪಾರದರ್ಶಕವಾದ ಲೇಯರ್. ಆದ್ದರಿಂದ ಮೇಲಿನ ಆಜ್ಞೆ ಅದನ್ನು ಮುಟ್ಟಲಿಲ್ಲ. ಕೈಯಿಂದಲೇ ಅಳಿಸಬೇಕಾಯಿತು.

ಅದಾದ ಮೇಲೆ ಎಣಿಕೆ ಸರಿಹೋಯಿತು, ಎಂಟಕ್ಕೆ ಎಂಟು. ನಿಜ ಹೇಳಬೇಕೆಂದರೆ ಅಲ್ಲಿಗೇ ನಿಲ್ಲಿಸುವ ಮನಸ್ಸಾಗಿತ್ತು. ಆದರೆ ಬಂಧುಗಳ ಪಟ್ಟಿಯಿದ್ದ ಚೌಕಟ್ಟು ಸ್ಮಾರ್ಟ್ ಆಬ್ಜೆಕ್ಟ್ ಆಗಿತ್ತು. ಸ್ಮಾರ್ಟ್ ಆಬ್ಜೆಕ್ಟ್ ಎಂದರೆ ಫೈಲ್‌ನೊಳಗೆ ಕೂತ ಇನ್ನೊಂದು ಫೈಲ್. ಅದಕ್ಕೆ ತನ್ನದೇ ಲೇಯರ್‌ಗಳು, ತನ್ನದೇ ಕಣ್ಣುಗಳು. ಹೊರಗಿನ ಸೋಸುವಿಕೆಯಾಗಲಿ, ಅಳಿಸುವ ಆಜ್ಞೆಯಾಗಲಿ ಅದರೊಳಗೆ ಇಳಿಯುವುದಿಲ್ಲ. ಅದರ ಪುಟ್ಟ ಚಿತ್ರದ ಮೇಲೆ ಎರಡು ಸಲ ಒತ್ತಿದಾಗ PSB ಎಂಬ ವಿಸ್ತರಣೆಯ ಬೇರೆ ಕಿಟಕಿ ತೆರೆಯಿತು. ಒಳಗೆ ನಾಲ್ಕು ಲೇಯರ್‌ಗಳು, ಅವುಗಳಲ್ಲಿ ಒಂದರ ಕಣ್ಣು ಮುಚ್ಚಿತ್ತು: ಹಿಂದಿನ ಗಿರಾಕಿಯ ಮನೆಯ ವಿಳಾಸ ಮತ್ತು ಎರಡು ಮೊಬೈಲ್ ಸಂಖ್ಯೆಗಳು. ಈ ಮನೆಯವರಿಗೂ ಆ ಮನೆಯವರಿಗೂ ಪರಿಚಯವೇ ಇಲ್ಲ. ಒಳಗಿನದನ್ನು ಅಳಿಸಿ, ಒಳಗಿನ ಕಿಟಕಿಯನ್ನು ಉಳಿಸಿ ಮುಚ್ಚಿ, ಆಮೇಲೆ ಹೊರಗಿನ ಫೈಲನ್ನೂ ಉಳಿಸಬೇಕು. ಈ ಎರಡನೆಯ ಉಳಿಸುವಿಕೆಯನ್ನು ಮರೆತರೆ ಒಳಗಿನ ಬದಲಾವಣೆ ಡಿಸ್ಕಿಗೆ ಇಳಿಯುವುದೇ ಇಲ್ಲ.

ಕೊನೆಯದು ಲೇಯರ್‌ನ ಹೆಸರು, ಅದಕ್ಕೆ ಮುಂದಿನ ಪ್ರಶ್ನೆಯೇ ಬೇಕು.

ಲೇಯರ್‌ನ ಹೆಸರಿನಲ್ಲಿ ಮ್ಯಾಟರ್ ಹೇಗೆ ಉಳಿಯುತ್ತದೆ?

ಟೆಕ್ಸ್ಟ್ ಲೇಯರ್‌ಗೆ ನೀವು ಹೆಸರಿಡದಿದ್ದರೆ ಫೋಟೋಶಾಪ್ ನೀವು ಟೈಪ್ ಮಾಡಿದ ಪಠ್ಯವನ್ನೇ ಅದರ ಹೆಸರಾಗಿಸುತ್ತದೆ. ಆಮೇಲೆ ಆ ಲೇಯರನ್ನು ರಾಸ್ಟರ್ ಮಾಡಿ ಚಿತ್ರವಾಗಿಸಿದರೂ ಹೆಸರು ಹಾಗೆಯೇ ಉಳಿಯುತ್ತದೆ. ಚಿತ್ರವಾದ ಅಕ್ಷರಗಳನ್ನು ರಬ್ಬರಿನಿಂದ ಉಜ್ಜಿ, ಮೇಲಿನ ಲೇಯರನ್ನು ಅದರೊಳಕ್ಕೆ ಸೇರಿಸಿದರೂ ಉಳಿಯುವುದು ಕೆಳಗಿನ ಲೇಯರ್‌ನ ಹೆಸರೇ. ನನ್ನ ಫೈಲ್‌ನಲ್ಲಿ ಹೂವಿನ ಗೊಂಚಲಿನ ಲೇಯರ್ ಒಂದಕ್ಕೆ ಹಿಂದಿನ ವಧೂವರರ ಹೆಸರಿತ್ತು, ಕಾರಣ ಇದೇ.

ಅದು ನನ್ನ ಕಣ್ಣಿಗೆ ಬೀಳದೇ ಹೋದದ್ದಕ್ಕೆ ನಮ್ಮ ಕಡೆಯದೇ ಆದ ಒಂದು ಕಾರಣವಿದೆ. ಪತ್ರಿಕೆಗಳನ್ನು ನಾವು ಇಂದಿಗೂ ಬಹುಪಾಲು ನುಡಿಯ ಹಳೆಯ ಫಾಂಟ್‌ಗಳಲ್ಲಿ ಮಾಡುತ್ತೇವೆ. ಅವು ಯೂನಿಕೋಡ್ ಅಲ್ಲ. ಅವುಗಳಲ್ಲಿ ಟೈಪ್ ಮಾಡಿದ್ದು ಫೈಲ್‌ನಲ್ಲಿ ಇಂಗ್ಲಿಷ್ ಮತ್ತಿತರ ಲಿಪಿಚಿಹ್ನೆಗಳಾಗಿ ಕೂರುತ್ತದೆ, ಫಾಂಟ್ ಹಾಕಿದಾಗ ಮಾತ್ರ ಕನ್ನಡವಾಗಿ ಕಾಣುತ್ತದೆ. ಲೇಯರ್ ಪಟ್ಟಿಗೆ ಆ ಫಾಂಟ್ ಇಲ್ಲದ ಕಾರಣ, ಮುಹೂರ್ತ ಎಂಬ ಪದ ಅಲ್ಲಿ `ªÀÄÄºÀÆvÀð` ಎಂದು ಕಾಣುತ್ತದೆ. ದಿನವಿಡೀ ಇಂಥ ಚಿಹ್ನೆಗಳನ್ನೇ ನೋಡುವ ನಮಗೆ ಅದು ಓದುವ ವಸ್ತು ಎಂದೇ ಅನಿಸುವುದಿಲ್ಲ, ಕಸ ಎಂದು ಕಣ್ಣು ದಾಟಿಬಿಡುತ್ತದೆ. ಆದರೆ ಅದನ್ನು ನಕಲು ಮಾಡಿ ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಯಾವುದೇ ಪರಿವರ್ತಕಕ್ಕೆ ಹಾಕಿದರೆ ಒಂದು ನಿಮಿಷದಲ್ಲಿ ಅಚ್ಚ ಕನ್ನಡದಲ್ಲಿ ಓದಬಹುದು. ಗೊಜಲಾಗಿ ಕಾಣುವುದು ಗುಪ್ತವಾಗಿದೆ ಎಂದು ಭಾವಿಸಬೇಡಿ.

ಇದರ ಇನ್ನೊಂದು ಮುಖವೂ ಇದೆ. ಫೈಲ್‌ನಲ್ಲಿ ಹಳೆಯ ಹೆಸರು ಉಳಿದಿದೆಯೇ ಎಂದು ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ, ನುಡಿ ಫಾಂಟ್‌ನ ಪಠ್ಯ ಅದಕ್ಕೆ ಹೊಂದುವುದೇ ಇಲ್ಲ. ಹುಡುಕಾಟ ಖಾಲಿ ಬಂದರೆ ಫೈಲ್ ಶುದ್ಧವಾಗಿದೆ ಎಂದಲ್ಲ, ನೀವು ಬೇರೆ ಲಿಪಿಸಂಕೇತದಲ್ಲಿ ಹುಡುಕಿದ್ದೀರಿ ಎಂದಷ್ಟೇ.

ಫೋಟೋಶಾಪ್‌ನ Find and Replace Text ಬಳಸಿ ಹುಡುಕಿದರೆ ಸಾಲದೇ?

ಸಾಲದು. ಕಣ್ಣು ಮುಚ್ಚಿದ ಲೇಯರ್‌ಗಳನ್ನೂ ಬೀಗ ಹಾಕಿದ ಲೇಯರ್‌ಗಳನ್ನೂ ಅದು ಹುಡುಕುವುದಿಲ್ಲ. ನಾವು ಹೆದರುವುದು ಯಾವ ಲೇಯರ್‌ಗಳಿಗೋ ಅವನ್ನೇ ಬಿಟ್ಟು ಹುಡುಕಿ, ಸಿಗಲಿಲ್ಲ ಎಂದು ಹೇಳುತ್ತದೆ. ಅದು ತಿದ್ದುಪಡಿಯ ಸಾಧನವೇ ಹೊರತು ತಪಾಸಣೆಯ ಸಾಧನವಲ್ಲ.

ಕಣ್ಣು ಮುಚ್ಚದೆಯೂ ಮ್ಯಾಟರ್ ಕಾಣದಂತಾಗುವ ಬಗೆಗಳು ಬೇರೇನಾದರೂ ಇವೆಯೇ?

ಹಲವಿವೆ, ಅವೆಲ್ಲವೂ ಅವಸರದ ಕೆಲಸದಲ್ಲಿ ತಾವಾಗಿಯೇ ಹುಟ್ಟುತ್ತವೆ. ಲೇಯರ್ ಮಾಸ್ಕ್‌ಗೆ ಕಪ್ಪು ಬಳಿದರೆ ಪಠ್ಯ ಕಾಣುವುದಿಲ್ಲ, ಮಾಸ್ಕ್ ತೆಗೆದರೆ ಬರುತ್ತದೆ. ಬಿಳಿಯ ಹಿನ್ನೆಲೆಯ ಮೇಲಿನ ಬಿಳಿ ಅಕ್ಷರ, ದೇವರ ಚಿತ್ರದ ಹಿಂದೆ ಸರಿದುಹೋದ ಸಾಲು, ಕ್ಯಾನ್ವಾಸಿನ ಅಂಚಿನಾಚೆ ತಳ್ಳಿ ಬಿಟ್ಟ ಪಠ್ಯ, ಇವೆಲ್ಲ ಫೈಲ್‌ನಲ್ಲಿ ಪೂರ್ತಿಯಾಗಿ ಇರುತ್ತವೆ. ಕ್ರಾಪ್ ಮಾಡುವಾಗ ಮೇಲಿನ ಪಟ್ಟಿಯಲ್ಲಿ `Delete Cropped Pixels` ಗುರುತು ಹಾಕಿರದಿದ್ದರೆ ಕತ್ತರಿಸಿದ ಭಾಗವೂ ಹೊರಗೆ ಹಾಗೆಯೇ ಉಳಿದಿರುತ್ತದೆ.

ಇವುಗಳನ್ನು ಒಂದೊಂದಾಗಿ ಬೇಟೆಯಾಡುವ ಬದಲು ನಾನು ಹೀಗೆ ಮಾಡುತ್ತೇನೆ. Alt ಕೀಲಿ ಹಿಡಿದು ಒಂದು ಲೇಯರ್‌ನ ಕಣ್ಣನ್ನು ಒತ್ತಿದರೆ ಉಳಿದ ಎಲ್ಲ ಲೇಯರ್‌ಗಳೂ ಮರೆಯಾಗಿ ಅದೊಂದೇ ಉಳಿಯುತ್ತದೆ. ಪ್ರತಿ ಟೆಕ್ಸ್ಟ್ ಲೇಯರ್‌ಗೂ ಹೀಗೆ ಮಾಡಿ, ಪರದೆಯ ಮೇಲೆ ಏನೂ ಕಾಣದಿದ್ದರೆ, ಇಲ್ಲವೇ ಅಚ್ಚಾದ ಪತ್ರಿಕೆಯಲ್ಲಿಲ್ಲದ ಪಠ್ಯ ಕಂಡರೆ ಆ ಲೇಯರ್ ಸಂಶಯಾಸ್ಪದ. ಎಂಟು ಹತ್ತು ಲೇಯರ್‌ಗಳಿಗೆ ಎರಡು ನಿಮಿಷ ಸಾಕು.

ಲೇಯರ್ ಕಾಂಪ್ ಬಳಸಿದ್ದರೆ ಏನಾದರೂ ತೊಂದರೆ ಇದೆಯೇ?

ಲೇಯರ್ ಕಾಂಪ್ ಯಾವ ಲೇಯರ್ ಕಾಣಬೇಕು, ಯಾವುದು ಬೇಡ ಎಂಬ ಸ್ಥಿತಿಯನ್ನು ನೆನಪಿಡುತ್ತದೆ, ಪಠ್ಯದ ಬೇರೆ ಪ್ರತಿಯನ್ನಲ್ಲ. ಆದರೂ ಮುದ್ರಣಾಲಯದವರು ಹಳೆಯ ಕಾಂಪ್ ಒತ್ತಿದರೆ ಮುಚ್ಚಿದ್ದ ಲೇಯರ್‌ಗಳು ಒಂದೇ ಏಟಿಗೆ ತೆರೆದುಕೊಳ್ಳುತ್ತವೆ, ಅದು ಹಾಗೆಯೇ ಅಚ್ಚಿಗೆ ಹೋಗಬಹುದು. ಕಳುಹಿಸುವ ಪ್ರತಿಯಲ್ಲಿ ಅವನ್ನು ತೆಗೆದುಬಿಡಿ.

ಹಾಗಾದರೆ ಓಪನ್ ಫೈಲ್ ಕೊಡುವುದನ್ನೇ ಬಿಟ್ಟು Flatten Image ಮಾಡಿ ಕೊಡಬಹುದಲ್ಲವೇ?

ಪಡೆಯುವವರು ತಿದ್ದಬೇಕಾಗಿಲ್ಲದಿದ್ದರೆ ಅದೇ ಒಳ್ಳೆಯದು. ಮುಚ್ಚಿದ ಲೇಯರ್‌ಗಳಿದ್ದಾಗ ಫೋಟೋಶಾಪ್ `Discard hidden layers?` ಎಂದು ಕೇಳುತ್ತದೆ. ಈ ಪ್ರಶ್ನೆ ಬಂದಿತೆಂದರೆ ಫೈಲ್‌ನಲ್ಲಿ ಮರೆಯಾದದ್ದೇನೋ ಇದೆ ಎಂದು ಅದೇ ಹೇಳಿದಂತಾಯಿತು. ಅಭ್ಯಾಸಬಲದಿಂದ OK ಒತ್ತುವ ಮುನ್ನ ಒಮ್ಮೆ ನಿಂತು ನೋಡುವುದು ಒಳ್ಳೆಯದು. `Merge Visible` ಮಾತ್ರ ಇದಕ್ಕೆ ಬದಲಿಯಲ್ಲ. ಅದು ಕಾಣುವ ಲೇಯರ್‌ಗಳನ್ನಷ್ಟೇ ಒಂದುಗೂಡಿಸಿ, ಮುಚ್ಚಿದವುಗಳನ್ನು ಇದ್ದಲ್ಲೇ ಬಿಡುತ್ತದೆ. ನಮ್ಮಲ್ಲಿ ಕಲಿಯಲು ಬಂದ ಇಬ್ಬರು ಈ ಎರಡನ್ನೂ ಒಂದೇ ಎಂದುಕೊಂಡಿದ್ದರು.

Flatten ಮಾಡುವುದಕ್ಕೆ ಒಂದು ಬೆಲೆಯೂ ಇದೆ. ಅಕ್ಷರಗಳು ಚಿತ್ರದ ಚುಕ್ಕಿಗಳಾಗುತ್ತವೆ. 300 ಡಿಪಿಐನಲ್ಲಿ ದೊಡ್ಡ ಹೆಸರುಗಳಿಗೆ ತೊಂದರೆಯಿಲ್ಲ, ಆದರೆ ಪತ್ರಿಕೆಯ ಅಡಿಯಲ್ಲಿರುವ ಸಣ್ಣ ಅಳತೆಯ ಬಂಧುಗಳ ಪಟ್ಟಿಯಲ್ಲಿ ಒತ್ತಕ್ಷರಗಳ ಅಂಚು ಮಸುಕಾಗುತ್ತದೆ. TIFF ಕೊಡುವುದಾದರೆ ಇನ್ನೊಂದು ಎಚ್ಚರ: TIFF ಕೂಡ ಲೇಯರ್‌ಗಳನ್ನು ಹೊರಬಲ್ಲದು. ಉಳಿಸುವಾಗ ಬರುವ ಕಿಟಕಿಯ ಕೆಳಭಾಗದಲ್ಲಿ `Discard Layers and Save a Copy` ಆರಿಸಿಕೊಂಡರೆ ಮಾತ್ರ ಅವು ಹೋಗುತ್ತವೆ.

PDF ಮಾಡಿ ಕೊಟ್ಟರೆ ಸುರಕ್ಷಿತವಲ್ಲವೇ? ಅದರಲ್ಲಿ ಲೇಯರ್ ಕಾಣುವುದಿಲ್ಲವಲ್ಲ.

ಕಾಣುವುದಿಲ್ಲ ಎಂಬುದು ನಿಜ, ಇಲ್ಲ ಎಂಬುದು ನಿಜವಲ್ಲ. ಫೋಟೋಶಾಪ್‌ನಿಂದ PDF ಉಳಿಸುವಾಗ ಬರುವ ಕಿಟಕಿಯಲ್ಲಿ `Preserve Photoshop Editing Capabilities` ಎಂಬ ಗುರುತಿನ ಚೌಕವಿದೆ. ಅದನ್ನು ಹಾಗೆಯೇ ಬಿಟ್ಟರೆ ಲೇಯರ್‌ಗಳ ಮಾಹಿತಿಯೆಲ್ಲ PDF ಒಳಗೆ ಸೇರುತ್ತದೆ. ಮೊಬೈಲಿನಲ್ಲೋ ರೀಡರ್‌ನಲ್ಲೋ ತೆರೆದವರಿಗೆ ಚೊಕ್ಕ ಪತ್ರಿಕೆ ಕಾಣುತ್ತದೆ, ಅದೇ ಫೈಲನ್ನು ಫೋಟೋಶಾಪ್‌ನಲ್ಲಿ ತೆರೆದವರಿಗೆ ಮುಚ್ಚಿದ ಲೇಯರ್‌ಗಳೆಲ್ಲ ಸಿಗುತ್ತವೆ. ಮುದ್ರಣಾಲಯದವರು ತೆರೆಯುವುದು ಫೋಟೋಶಾಪ್‌ನಲ್ಲೇ. ಇಲಸ್ಟ್ರೇಟರ್‌ನಲ್ಲೂ ಇದೇ ಬಗೆಯ ಚೌಕ `Preserve Illustrator Editing Capabilities` ಎಂಬ ಹೆಸರಿನಲ್ಲಿದೆ.

ಪತ್ತೆಹಚ್ಚಲು ಒಂದು ಒರಟು ಸುಳಿವಿದೆ. ಗುರುತು ತೆಗೆದು ಒಮ್ಮೆ, ಬಿಟ್ಟು ಒಮ್ಮೆ ಉಳಿಸಿ ಎರಡರ ಗಾತ್ರ ನೋಡಿ. ಲೇಯರ್‌ಗಳನ್ನು ಹೊತ್ತದ್ದು ಎದ್ದು ಕಾಣುವಷ್ಟು ದಪ್ಪವಾಗಿರುತ್ತದೆ. ಖಚಿತ ಪರೀಕ್ಷೆಯೆಂದರೆ ಕಳುಹಿಸುವ PDF ಅನ್ನು ನೀವೇ ಫೋಟೋಶಾಪ್‌ನಲ್ಲಿ ತೆರೆದು ನೋಡುವುದು. ಲೇಯರ್ ಪಟ್ಟಿ ತುಂಬಿ ಬಂದರೆ ಕಳುಹಿಸಬೇಡಿ. ಚೌಕದ ಗುರುತು ತೆಗೆದು ಮಾಡಿದ PDF ನಲ್ಲಿ ಕಾಣುವ ಅಕ್ಷರಗಳು ವೆಕ್ಟರ್ ಆಗಿಯೇ ಉಳಿಯುವುದರಿಂದ, ಸಣ್ಣ ಅಕ್ಷರಗಳಿರುವ ಪತ್ರಿಕೆಗೆ ನಾನು ಈಗ ಅದನ್ನೇ ಕೊಡುತ್ತೇನೆ.

JPG ಯಲ್ಲಂತೂ ಲೇಯರ್ ಇರುವುದೇ ಇಲ್ಲವಲ್ಲ?

ಲೇಯರ್ ಇರುವುದಿಲ್ಲ, ಆದರೆ ಲೇಯರ್‌ನ ಮಾತು ಇರಬಹುದು. ಇದನ್ನು ಮೊದಲ ಸಲ ನೋಡಿದಾಗ ನನಗೂ ನಂಬಿಕೆ ಬಂದಿರಲಿಲ್ಲ. ಫೋಟೋಶಾಪ್ ಉಳಿಸುವ ಫೈಲ್‌ಗಳ ಜೊತೆ XMP ಎಂಬ ಮಾಹಿತಿಯ ಭಾಗವೊಂದು ಹೋಗುತ್ತದೆ. ಅದರಲ್ಲಿ ಟೆಕ್ಸ್ಟ್ ಲೇಯರ್‌ಗಳ ಹೆಸರನ್ನೂ ಅವುಗಳ ಪಠ್ಯವನ್ನೂ ಬರೆದಿಡುವ `photoshop:TextLayers` ಎಂಬ ಖಾನೆಯಿದೆ. ಲೇಯರ್‌ಗಳಿರುವ PSD ಯಿಂದ ನೇರವಾಗಿ JPG ಉಳಿಸಿದಾಗ ಆ ಖಾನೆ JPG ಯೊಳಗೂ ಬಂದು ಕೂರಬಹುದು. ಚಿತ್ರವನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಅದು ಕಾಣುವುದಿಲ್ಲ, ಮಾಹಿತಿ ಓದುವ ಸಾಧನಕ್ಕೆ ಮಾತ್ರ ಕಾಣುತ್ತದೆ.

ಅಂಥ ಉಚಿತ ಸಾಧನ ಎಕ್ಸಿಫ್‌ಟೂಲ್. ವಿಂಡೋಸ್‌ನಲ್ಲೂ ನಡೆಯುತ್ತದೆ. ಕಳುಹಿಸಬೇಕಾದ ಫೈಲ್ ಇರುವ ಫೋಲ್ಡರಿನಲ್ಲಿ ಕಮಾಂಡ್ ಕಿಟಕಿ ತೆರೆದು ಹೀಗೆ ಕೊಡಿ:

```
exiftool -TextLayerName -TextLayerText patrike.jpg
```

ಏನೂ ಬರದಿದ್ದರೆ ಆ ಖಾನೆ ಖಾಲಿಯಿದೆ ಎಂದರ್ಥ. `Text Layer Text` ಎಂದು ಆರಂಭವಾಗುವ ಸಾಲು ಬಂದರೆ ಅದರ ಮುಂದಿರುವುದನ್ನು ಓದಿ. ನುಡಿ ಫಾಂಟ್ ಬಳಸಿದ್ದರೆ ಇಲ್ಲಿಯೂ ಅದೇ ಗೊಜಲು ಚಿಹ್ನೆಗಳೇ ಬರುತ್ತವೆ, ಪರಿವರ್ತಿಸಿ ಓದಬೇಕು. XMP ಭಾಗವನ್ನು ತೆಗೆದುಹಾಕಲು:

```
exiftool -XMP:all= patrike.jpg
```

ಇದು ತೆಗೆಯುವ ಮುನ್ನ ಹಳೆಯದರ ಒಂದು ಪ್ರತಿಯನ್ನು `patrike.jpg_original` ಎಂಬ ಹೆಸರಿನಲ್ಲಿ ಪಕ್ಕದಲ್ಲೇ ಇಡುತ್ತದೆ. ಇಡೀ ಫೋಲ್ಡರನ್ನು ಜಿಪ್ ಮಾಡಿ ಕಳುಹಿಸುವ ರೂಢಿಯಿದ್ದವರು ಆ ಪ್ರತಿಯನ್ನೂ ಸೇರಿಸಿ ಕಳುಹಿಸಿದರೆ, ತೆಗೆದದ್ದು ಅದರೊಟ್ಟಿಗೇ ಹೋಗುತ್ತದೆ.

ಮೊಬೈಲಿಗೆ ಮಾತ್ರ ಬೇಕಾದ ಚಿತ್ರವಾದರೆ `File > Export > Export As` ಬಳಸಿ, ಅಲ್ಲಿ Metadata ಎಂಬಲ್ಲಿ None ಆರಿಸಿದರೆ ಸಾಕು. ಆದರೆ ಆ ದಾರಿ CMYK ಬಣ್ಣಗಳನ್ನು ಕೊಡುವುದಿಲ್ಲವಾದ್ದರಿಂದ ಅಚ್ಚಿಗೆ ಹೋಗುವ ಫೈಲ್‌ಗೆ ಅದು ಹೊಂದುವುದಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದರೆ ಇದೆಲ್ಲ ತಾನಾಗಿಯೇ ಹೋಗುತ್ತದೆ ಎನ್ನುತ್ತಾರೆ, ನಿಜವೇ?

ಫೋಟೋ ಆಗಿ ಕಳುಹಿಸಿದರೆ ವಾಟ್ಸ್ಆ್ಯಪ್ ಚಿತ್ರವನ್ನು ಕುಗ್ಗಿಸಿ ಹೊಸದಾಗಿ ಮಾಡುವುದರಿಂದ ಇಂಥ ಮಾಹಿತಿ ಹೋಗುತ್ತದೆ, ಗುಣಮಟ್ಟವೂ ಹೋಗುತ್ತದೆ. ಗುಣಮಟ್ಟ ಹೋಗಬಾರದೆಂದು ನಾವೆಲ್ಲ ಡಾಕ್ಯುಮೆಂಟ್ ಆಗಿ ಕಳುಹಿಸುತ್ತೇವಲ್ಲ, ಆಗ ಫೈಲ್ ಇದ್ದಂತೆಯೇ, ಒಳಗಿನದೆಲ್ಲವನ್ನೂ ಹೊತ್ತುಕೊಂಡೇ ಹೋಗುತ್ತದೆ.

ಕೋರೆಲ್ ಡ್ರಾದಲ್ಲಿ ಕೆಲಸ ಮಾಡುವವರಿಗೆ ಏನು ಹೇಳುತ್ತೀರಿ?

ತತ್ವ ಒಂದೇ, ಅಡಗುವ ಜಾಗಗಳು ಬೇರೆ. ಕೋರೆಲ್‌ನಲ್ಲಿ ಲೇಯರ್‌ನ ಪಕ್ಕ ಕಣ್ಣಿನ ಗುರುತಿನ ಜೊತೆ ಪ್ರಿಂಟರ್‌ನ ಗುರುತೂ ಇದೆ. ಪ್ರಿಂಟರ್ ಗುರುತು ತೆಗೆದರೆ ಅಚ್ಚಾಗುವುದಿಲ್ಲ ಅಷ್ಟೇ, CDR ಫೈಲ್‌ನಲ್ಲಿ ಲೇಯರ್ ಇರುತ್ತದೆ. ಆದರೆ ನಾನು ನೋಡಿದ ಮಟ್ಟಿಗೆ ಕೋರೆಲ್‌ನವರು ಲೇಯರ್ ಮುಚ್ಚುವುದು ಅಪರೂಪ. ಬೇಡವಾದ ಮ್ಯಾಟರನ್ನು ಎಳೆದು ಪುಟದ ಹೊರಗೆ, ಬಿಳಿಯ ಖಾಲಿ ಜಾಗದಲ್ಲಿ ಬಿಡುತ್ತಾರೆ. ಹಳೆಯ ಗಿರಾಕಿಗಳ ಹೆಸರು, ದರ, ಫೋನ್ ಸಂಖ್ಯೆಗಳು ಪುಟದ ಸುತ್ತ ಕಟ್ಟೆಯ ಮೇಲೆ ಕೂತವರಂತೆ ಕೂತಿರುತ್ತವೆ. ಕಳುಹಿಸುವ ಪ್ರತಿಯಲ್ಲಿ ಪೂರ್ತಿ ಹಿಂದಕ್ಕೆ ಸರಿದು ನೋಡಿ ಅವನ್ನೆಲ್ಲ ಅಳಿಸಬೇಕು. ಪವರ್‌ಕ್ಲಿಪ್ ಚೌಕಟ್ಟಿನೊಳಗೆ ಹಾಕಿದ ವಸ್ತುವಿನ ಕಾಣದ ಭಾಗವೂ ಫೈಲ್‌ನಲ್ಲಿ ಇರುತ್ತದೆ, ಚೌಕಟ್ಟನ್ನು ತೆರೆದರೆ ಹೊರಬರುತ್ತದೆ.

ತಿದ್ದುವುದಕ್ಕೆ ಬೇಕು ಎಂದು ಓಪನ್ ಫೈಲೇ ಕೇಳಿದರೆ ಯಾವ ಕ್ರಮದಲ್ಲಿ ಸಿದ್ಧಪಡಿಸುತ್ತೀರಿ?

ಈಗ ನಮ್ಮಲ್ಲಿ ಪ್ರತಿ ಕೆಲಸಕ್ಕೂ ಎರಡು ಫೋಲ್ಡರ್‌ಗಳಿವೆ. ಒಂದರಲ್ಲಿ ಮೂಲ ಫೈಲ್ ಇರುತ್ತದೆ, ಅದರಲ್ಲಿ ಎಷ್ಟು ಬೇಕಾದರೂ ಕಣ್ಣು ಮುಚ್ಚಬಹುದು. ಇನ್ನೊಂದರಿಂದ ಮಾತ್ರ ಪೆನ್ ಡ್ರೈವ್‌ಗೆ ಹೋಗುತ್ತದೆ. ಎರಡನೆಯದಕ್ಕೆ ಪ್ರತಿ ಮಾಡಿದ ಮೇಲೆ ಮೊದಲು ಸ್ಮಾರ್ಟ್ ಆಬ್ಜೆಕ್ಟ್‌ಗಳೊಳಗೆ ಹೋಗಿ ಚೊಕ್ಕ ಮಾಡುತ್ತೇನೆ, ಒಳಗಿನದನ್ನು ತಿದ್ದುವ ಅಗತ್ಯ ಅವರಿಗಿಲ್ಲದಿದ್ದರೆ ರಾಸ್ಟರ್ ಮಾಡಿಬಿಡುತ್ತೇನೆ. ಆಮೇಲೆ ಮುಚ್ಚಿದ ಲೇಯರ್‌ಗಳನ್ನು ಅಳಿಸಿ, ಉಳಿದ ಪಠ್ಯಗಳನ್ನು ಅಚ್ಚಾದ ಪ್ರತಿಯೊಂದಿಗೆ ಎಣಿಸಿ, ಲೇಯರ್‌ಗಳ ಹೆಸರುಗಳನ್ನು ಬದಲಿಸುತ್ತೇನೆ. ಉಳಿಸಿ, ಮುಚ್ಚಿ, ಮತ್ತೆ ತೆರೆದು ಒಮ್ಮೆ ನೋಡುತ್ತೇನೆ. ಕೊನೆಗೆ ಎಕ್ಸಿಫ್‌ಟೂಲ್‌ನ ಮೊದಲ ಆಜ್ಞೆಯನ್ನು PSD ಮೇಲೆಯೇ ಓಡಿಸಿ, ಅಲ್ಲಿ ಬರುವ ಪಠ್ಯ ಪತ್ರಿಕೆಯ ಮೇಲಿರುವುದಷ್ಟೇ ಎಂದು ಖಾತ್ರಿ ಮಾಡಿಕೊಳ್ಳುತ್ತೇನೆ. ಒಂದು ಪತ್ರಿಕೆಗೆ ಹತ್ತು ನಿಮಿಷ ಹಿಡಿಯುತ್ತದೆ.

ಈಗಾಗಲೇ ಕಳುಹಿಸಿಬಿಟ್ಟಿದ್ದರೆ?

ವಾಟ್ಸ್ಆ್ಯಪ್‌ನಲ್ಲಿ ಸಂದೇಶವನ್ನು ಅಳಿಸಿದರೂ ಅವರು ಇಳಿಸಿಕೊಂಡು ಬೇರೆಡೆ ಇಟ್ಟ ಪ್ರತಿ ಅವರಲ್ಲೇ ಇರುತ್ತದೆ, ಪೆನ್ ಡ್ರೈವ್‌ನಲ್ಲಿ ಹೋದದ್ದಕ್ಕಂತೂ ದಾರಿಯೇ ಇಲ್ಲ. ಮಾಡಬಹುದಾದದ್ದು, ಯಾರ ಮ್ಯಾಟರ್ ಉಳಿದಿತ್ತೋ ಅವರಿಗೆ ತಿಳಿಸುವುದು ಮತ್ತು ಚೊಕ್ಕ ಮಾಡಿದ ಫೈಲ್ ಕೊಟ್ಟು ಹಳೆಯದನ್ನು ತೆಗೆಯಲು ಕೇಳಿಕೊಳ್ಳುವುದು. ನಾನು ಆ ಹುಡುಗನನ್ನು ಅಂಗಡಿಗೆ ಕರೆಸಿ, ಹೊಸ ಫೈಲನ್ನು ಅವನ ಪೆನ್ ಡ್ರೈವ್‌ಗೆ ಹಾಕಿ, ಹಳೆಯದನ್ನು ಅವನ ಎದುರಿಗೇ ಅಳಿಸಿದೆ. ವಿಡಿಯೊ ಮಾಡಲು ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದ ಪ್ರತಿಯನ್ನು ಮನೆಗೆ ಹೋಗಿ ತೆಗೆಯುವುದಾಗಿ ಹೇಳಿ ಹೋದ. ಹಿಂದಿನ ವರ್ಷದ ಗಿರಾಕಿಗೂ ಫೋನ್ ಮಾಡಿ, ಅವರ ಎರಡು ಸಂಖ್ಯೆಗಳು ಮತ್ತು ವಿಳಾಸ ಹೀಗೆ ಇನ್ನೊಬ್ಬರ ಕೈಗೆ ಹೋಗಿದ್ದವೆಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ತಮ್ಮ ಫೈಲ್‌ನಲ್ಲಿ ಯಾರದ್ದಿತ್ತು ಎಂದು ಕೇಳಿದರು. ಆ ಸಂಜೆ ಅವರ ಹಳೆಯ ಫೈಲನ್ನೂ ತೆರೆದು ನೋಡಿದೆ. ಅದರಲ್ಲಿ ಮೂರನೆಯ ಮನೆಯೊಂದರ ಕಲ್ಯಾಣ ಮಂಟಪದ ಸಾಲು ಕಣ್ಣು ಮುಚ್ಚಿಕೊಂಡು ಕೂತಿತ್ತು.